ಮುಚ್ಚಿದ ಕಣ್ಣನ್ನು ಎಳೆದು ತೆರೆಯಲು ಆಗುವುದಿಲ್ಲ

ಪ್ರಶ್ನೆ: ಒಬ್ಬರ ಮುಖವನ್ನು ಇನ್ನೊಂದು ಫೋಟೋದ ಮೇಲೆ ಕೂರಿಸಿದ್ದೇನೆ. ಬಣ್ಣ, ಅಳತೆ ಎಲ್ಲ ಸರಿಯಾಗಿದೆ. ಆದರೆ ಸೋರ್ಸ್ ಮುಖದ ಕಣ್ಣು ಮುಚ್ಚಿದೆ, ಟಾರ್ಗೆಟ್‌ನಲ್ಲಿ ಕಣ್ಣು ತೆರೆದಿತ್ತು. ಫೋಟೋಶಾಪ್‌ನ Liquify ಬಳಸಿ ರೆಪ್ಪೆ ತೆರೆಯುವುದು ಹೇಗೆ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. Liquify ಮುಚ್ಚಿದ ಕಣ್ಣನ್ನು ತೆರೆಯುವುದಿಲ್ಲ. ಅದರಲ್ಲಿ Eye Size, Eye Height ಅಂತ ಸ್ಲೈಡರ್‌ಗಳಿವೆ, ನಿಜ. ಅವನ್ನು ನೋಡಿಯೇ ಎಲ್ಲರೂ ಮೋಸ ಹೋಗುವುದು. ಆ ಸ್ಲೈಡರ್‌ಗಳು ಮಾಡುವುದು ಒಂದೇ ಕೆಲಸ: ಫೋಟೋದಲ್ಲಿ ಈಗಾಗಲೇ ಇರುವ ಪಿಕ್ಸೆಲ್‌ಗಳನ್ನು ಎಳೆಯುವುದು, ಒತ್ತುವುದು. ಅರ್ಧ ತೆರೆದ ಕಣ್ಣನ್ನು ಸ್ವಲ್ಪ ಅಗಲ ಮಾಡಬಹುದು, ಯಾಕಂದ್ರೆ ಅಲ್ಲಿ ಗುಡ್ಡೆ ಕಾಣುತ್ತಿದೆ. ಮುಚ್ಚಿದ ಕಣ್ಣಿನಲ್ಲಿ ಏನಿದೆ? ರೆಪ್ಪೆಯ ಚರ್ಮ, ಒಂದು ಸಾಲು ಕೂದಲು, ಅಷ್ಟೇ. ಅದನ್ನು ಎಳೆದರೆ ಉಬ್ಬಿದ ರೆಪ್ಪೆ ಸಿಗುತ್ತದೆ. ಒಳಗಿನ ಕಪ್ಪು ಗುಡ್ಡೆಯನ್ನು ಕ್ಯಾಮೆರಾ ನೋಡಿಯೇ ಇಲ್ಲ, ಎಳೆದರೆ ಎಲ್ಲಿಂದ ಬರಬೇಕು?

ಇನ್ನೂ ಅನುಮಾನ ಇದ್ದರೆ ಫೋಟೋಶಾಪ್ ಎಲಿಮೆಂಟ್ಸ್ ನೋಡಿ. 2018ರ ಆವೃತ್ತಿಯಲ್ಲಿ Open Closed Eyes ಅಂತ ಇದಕ್ಕೆಂದೇ ಒಂದು ಸೌಲಭ್ಯ ಬಂತು. ಅದೂ ಮೊದಲು ಕೇಳುವುದು ಕಣ್ಣು ತೆರೆದಿರುವ ಇನ್ನೊಂದು ಫೋಟೋವನ್ನೇ. ಇಲ್ಲದಿದ್ದರೆ ಬೇರೆ ಯಾರದೋ ಮಾದರಿ ಕಣ್ಣು ಕೊಡುತ್ತದೆ. ಬೇರೆಯವರ ಕಣ್ಣು ಹಾಕಿದರೆ ಮುಖವೇ ಬೇರೆಯವರದಾಗುತ್ತದೆ. ಟಾರ್ಗೆಟ್‌ನ ಕಣ್ಣನ್ನೇ ಉಳಿಸಿಕೊಂಡರೂ ಇದೇ ಕಥೆ.

ಹಾಗಾಗಿ ಅದೇ ವ್ಯಕ್ತಿಯ, ಕಣ್ಣು ತೆರೆದಿರುವ ಇನ್ನೊಂದು ಫೋಟೋ ಬೇಕು. ಮುಖ ಅದೇ ಕಡೆ ತಿರುಗಿರಲಿ, ಬೆಳಕು ಅದೇ ಕಡೆಯಿಂದ ಬಿದ್ದಿರಲಿ. ಅಳತೆ ಕೂರಿಸುವುದು ಕಷ್ಟವಲ್ಲ. ಕಣ್ಣು ಮುಚ್ಚಿದ್ದರೂ ಅದರ ಎರಡು ತುದಿಗಳು ಕಾಣುತ್ತವೆ, ಅಲ್ವಾ? ಎಡಗಣ್ಣಿನ ಹೊರತುದಿಯಿಂದ ಬಲಗಣ್ಣಿನ ಹೊರತುದಿಗೆ ಅಳೆಯಿರಿ. ನಿಮ್ಮ ಮುಖದಲ್ಲಿ ಅದು 240 ಪಿಕ್ಸೆಲ್, ಹೊಸ ಫೋಟೋದಲ್ಲಿ 300 ಪಿಕ್ಸೆಲ್ ಅಂದುಕೊಳ್ಳಿ. ಹಾಗಿದ್ದರೆ ಹೊಸದನ್ನು 80%ಗೆ ಇಳಿಸಬೇಕು. ಲೇಯರ್‌ನ Opacity ಅರ್ಧಕ್ಕೆ ತಂದು, Ctrl+T ಒತ್ತಿ, ತುದಿಗೆ ತುದಿ ಸೇರುವ ತನಕ ತಿರುಗಿಸಿ. ಇದಕ್ಕೆ ಉಲ್ಟಾ, ಚಿಕ್ಕ ಕಣ್ಣನ್ನು ತುಂಬಾ ದೊಡ್ಡದು ಮಾಡಬೇಕಾದರೆ ಆ ಫೋಟೋ ಬಿಟ್ಟುಬಿಡಿ, ಮಸುಕು ಎದ್ದು ಕಾಣುತ್ತದೆ.

ಈಗ ಹೆಚ್ಚಿನವರು ಮಾಡುವ ತಪ್ಪು. ಬಾದಾಮಿ ಆಕಾರದಲ್ಲಿ ಕಣ್ಣಷ್ಟೇ ಕತ್ತರಿಸಿ ಅಂಟಿಸುತ್ತಾರೆ. ಮುಖ ಬೆಚ್ಚಿಬಿದ್ದ ಹಾಗೆ ಕಾಣುತ್ತದೆ. ಕಣ್ಣು ತೆರೆದಾಗ ಗುಡ್ಡೆ ಮಾತ್ರ ಕಾಣುವುದಲ್ಲ. ಮೇಲಿನ ರೆಪ್ಪೆ ಮಡಚಿ ಒಂದು ಗೆರೆ ಮೂಡುತ್ತದೆ, ಹುಬ್ಬಿನ ಕೆಳಗಿನ ಚರ್ಮ ಬೇರೆ ಥರ ಕೂರುತ್ತದೆ. ನಗುವಾಗ ಕೆನ್ನೆ ಮೇಲೆದ್ದು ಕೆಳರೆಪ್ಪೆಯನ್ನೂ ಒತ್ತುತ್ತದೆ. ಹಾಗಾಗಿ ಹುಬ್ಬಿನ ಕೆಳಗಿನಿಂದ ಕೆಳರೆಪ್ಪೆಯ ಚೀಲದವರೆಗೆ ಪೂರ್ತಿ ತೆಗೆದುಕೊಳ್ಳಿ. ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ಅಂಚನ್ನು ಬಯಲು ಚರ್ಮದಲ್ಲಿ ಕರಗಿಸಿ. ರೆಪ್ಪೆ ಕೂದಲಿನ ಮೇಲೆ ಅಂಚು ಬರಬಾರದು. ಬಾಯಿ ನಗುತ್ತಿದ್ದರೆ, ನಗುವಾಗ ತೆಗೆದ ಕಣ್ಣೇ ಬೇಕು.

ಸರಿಯಾಯಿತೋ ಇಲ್ಲವೋ ಅಂತ ನೋಡಲು ನಾನು ಕಪ್ಪು ಗುಡ್ಡೆ ಅಳೆಯುತ್ತೇನೆ. ದೊಡ್ಡವರಲ್ಲಿ ಅದರ ಅಗಲ ಹೆಚ್ಚು ಕಡಿಮೆ ಎಲ್ಲರಿಗೂ 12 ಮಿಲಿಮೀಟರ್ ಹತ್ತಿರ. ಹೊರತುದಿಗಳ ನಡುವೆ 240 ಪಿಕ್ಸೆಲ್ ಇದ್ದರೆ ಗುಡ್ಡೆ 30ರ ಆಸುಪಾಸು ಬರಬೇಕು. 40 ಬಂದರೆ ಅಳತೆ ತಪ್ಪಿದೆ. ಇನ್ನೊಂದು, ಕಣ್ಣಿನ ಬಿಳಿಯನ್ನು ಸುಮ್ನೆ ಬೆಳ್ಳಗೆ ಮಾಡಬೇಡಿ. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ. ಆ ಬೂದು ಬಣ್ಣ ಹೋದರೆ ಕಣ್ಣು ಅಂಟಿಸಿದ ಹಾಗೆ ಕಾಣುತ್ತದೆ.

ಒಂದೇ ಕಣ್ಣು ಮುಚ್ಚಿದ್ದರೆ? ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ತೆರೆದ ಕಣ್ಣನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ ಇನ್ನೊಂದು ಕಡೆ ಹಾಕಬಹುದು, ಆದರೆ ನೋಟ ನೇರ ಕ್ಯಾಮೆರಾದತ್ತ ಇದ್ದರೆ ಮಾತ್ರ. ಪಕ್ಕಕ್ಕೆ ನೋಡುವ ಕಣ್ಣನ್ನು ತಿರುಗಿಸಿದರೆ ಎರಡು ಗುಡ್ಡೆಗಳೂ ಮೂಗಿನ ಕಡೆಗೋ ಕಿವಿಯ ಕಡೆಗೋ ಹೋಗಿ ಮಾಲುಗಣ್ಣಾಗುತ್ತದೆ. ನೇರ ನೋಟದಲ್ಲೂ ಗುಡ್ಡೆಯ ಮೇಲಿನ ಬೆಳಕಿನ ಚುಕ್ಕಿ ತಪ್ಪು ಕಡೆಗೆ ಬಂದಿರುತ್ತದೆ. ನಿಜವಾದ ಕಣ್ಣಿನಲ್ಲಿ ಚುಕ್ಕಿ ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿದ್ದರೆ, ತಿರುಗಿಸಿದ್ದರಲ್ಲಿ ಎರಡು ಗಂಟೆಯ ಜಾಗಕ್ಕೆ ಹೋಗಿರುತ್ತದೆ. ಅದನ್ನು ಅಳಿಸಿ, ನಿಜವಾದ ಕಣ್ಣಿನ ಚುಕ್ಕಿಯನ್ನು ತಿರುಗಿಸದೆ ಹಾಗೇ ನಕಲು ಮಾಡಿ ಹತ್ತು ಗಂಟೆಯ ಜಾಗದಲ್ಲೇ ಇಡಿ.