ಕ್ಯಾಮೆರಾದ ಮುಖ ಬೇಡ, ಬಾಲದ ಫೋಟೋ ಕಳಿಸಿ

ಪ್ರಶ್ನೆ: ದಾವಣಗೆರೆ ಎಪಿಎಂಸಿ ಹತ್ತಿರ ಮೆಕ್ಕೆಜೋಳದ ಗೋಡೌನ್ ಒಂದನ್ನು ಬಾಡಿಗೆಗೆ ಹಿಡಿದಿದ್ದೇನೆ. ಹಿಂದೆ ಇದ್ದವರು ಆರು ಸಿಸಿಟಿವಿ ಕ್ಯಾಮೆರಾಗಳನ್ನು ಗೋಡೆಯಲ್ಲೇ ಬಿಟ್ಟು ರೆಕಾರ್ಡರ್ ಮಾತ್ರ ಬಿಚ್ಚಿಕೊಂಡು ಹೋಗಿದ್ದಾರೆ. ನಾಲ್ಕು ಬುಲೆಟ್, ಎರಡು ಡೋಮ್. ಫೋಟೋ ಕಳಿಸಿದ್ದೇನೆ, ಲೆನ್ಸ್ ಹತ್ತಿರದಿಂದಲೂ ತೆಗೆದಿದ್ದೇನೆ. ಆಫೀಸ್ ರೂಮಿಗೆ ಬಂದಿರುವ ವೈರೆಲ್ಲ ನೀಲಿ ಲ್ಯಾನ್ ವೈರ್. ಹಾಗಾದ್ರೆ ಎನ್‌ವಿಆರ್ ತಗೊಂಡರೆ ಸಾಕಲ್ವಾ?

ಉತ್ತರ: ಇನ್ನೂ ದುಡ್ಡು ಕೊಟ್ಟಿಲ್ಲ ತಾನೆ? ಒಳ್ಳೇದಾಯ್ತು. ನೆಟ್ ವೈರಲ್ಲಿ ಚಿತ್ರ ಕಳಿಸುವ ಐಪಿ ಕ್ಯಾಮೆರಾಗೆ ಬೇಕಾದ ರೆಕಾರ್ಡರ್ ಎನ್‌ವಿಆರ್, ಹಳೇ ಥರದ ಅನಲಾಗ್ ಕ್ಯಾಮೆರಾಗೆ ಡಿವಿಆರ್. ನೀವು ಮೊದಲು ಕಳಿಸಿದ ಫೋಟೋ ನೋಡಿ ಇವೆರಡರಲ್ಲಿ ಯಾವುದು ಅಂತ ನಾನು ಹೇಳಲಾರೆ. ಫೋಟೋ ಚೆನ್ನಾಗೇ ಇವೆ. ಆದರೆ ತೆಗೆದಿರುವುದು ಕ್ಯಾಮೆರಾದ ಮುಖ. ನಮಗೆ ಬೇಕಿರುವ ಗುಟ್ಟು ಇರುವುದು ಬಾಲದಲ್ಲಿ.

ಬುಲೆಟ್, ಡೋಮ್ ಅನ್ನೋದು ಬರೀ ಡಬ್ಬಿಯ ಆಕಾರ. ಕಂಪನಿಗಳು ಒಂದೇ ಡಬ್ಬಿಯಲ್ಲಿ ಅನಲಾಗ್ ಬೋರ್ಡನ್ನೂ ಕೂರಿಸುತ್ತವೆ, ಐಪಿ ಬೋರ್ಡನ್ನೂ ಕೂರಿಸುತ್ತವೆ. ಹೊರಗಿನಿಂದ ಅವಳಿ ಜವಳಿ. ಲೆನ್ಸ್ ಮೇಲೆ 3.6 ಅಂತ ಬರೆದಿದೆ ಅಂದಿರಿ. ಅದು ಫೋಕಲ್ ಲೆಂತ್, ಮಿಲಿಮೀಟರ್ ಲೆಕ್ಕ. 2.8 ಇದ್ದರೆ ಅಗಲ ಜಾಸ್ತಿ ಕಾಣುತ್ತದೆ, 6 ಇದ್ದರೆ ಅಗಲ ಕಮ್ಮಿಯಾಗಿ ದೂರದ್ದು ದೊಡ್ಡದಾಗಿ ಕಾಣುತ್ತದೆ. ಗೇಟಿಗೆ ಯಾವುದು, ತಕ್ಕಡಿ ಹತ್ತಿರಕ್ಕೆ ಯಾವುದು ಅಂತ ಯೋಚಿಸುವಾಗ ಇದು ಬೇಕು. ರೆಕಾರ್ಡರ್‌ಗೂ ಇದಕ್ಕೂ ಸಂಬಂಧ ಇಲ್ಲ.

ಹಾಗಂತ ಮುಖ ಏನೂ ಹೇಳಲ್ಲ ಅಂತಲ್ಲ, ಸುಳಿವು ಕೊಡುತ್ತದೆ. ನಿಮ್ಮ ಮೂರನೇ ಬುಲೆಟ್ ನೋಡಿ. ಲೆನ್ಸ್ ಸುತ್ತ ಸಾಸಿವೆ ಕಾಳು ಜೋಡಿಸಿದ ಹಾಗೆ ಸಣ್ಣ ಸಣ್ಣ ಎಲ್‌ಇಡಿ, ಎಣಿಸಿದರೆ 36. ಇದು ಹಳೇ ಕಾಲದ ಮಾದರಿ, ಎಚ್‌ಡಿ ಬರುವ ಮುಂಚಿನ ಅನಲಾಗ್ ಆಗಿರುವ ಸಾಧ್ಯತೆ ಜಾಸ್ತಿ. ಉಳಿದ ಮೂರು ಬುಲೆಟ್‌ಗಳಲ್ಲಿ ಒಂದೆರಡು ದಪ್ಪ ಎಲ್‌ಇಡಿ ಮಾತ್ರ ಇವೆ, ಅವು ಆಮೇಲಿನವು. ಡೋಮ್ ಒಂದರಲ್ಲಿ ಮುಚ್ಚಳದ ಕೆಳಗೆ ಮೆಮೊರಿ ಕಾರ್ಡ್ ಹಾಕುವ ಸಂದಿ ಕಾಣುತ್ತಿದೆ. ಅದಿದ್ದರೆ ಹೆಚ್ಚಾಗಿ ಐಪಿ. ಆದರೆ ಇವೆಲ್ಲ ಊಹೆ. ಊಹೆ ಮೇಲೆ ಸಾವಿರಾರು ರೂಪಾಯಿ ಹಾಕಬಾರದು.

ಅದಕ್ಕೇ ನಿಮ್ಮಿಂದ ಇನ್ನೂ ಮೂರು ಫೋಟೋ ಕೇಳಿದ್ದು: ಕ್ಯಾಮೆರಾದಿಂದ ಹೊರಬರುವ ಗೇಣುದ್ದದ ಬಾಲದ ತುದಿ, ಮೈಮೇಲಿನ ಸ್ಟಿಕ್ಕರ್, ಮತ್ತೆ ಆಫೀಸ್ ರೂಮಿನಲ್ಲಿ ಆ ನೀಲಿ ವೈರಿನ ತುದಿ. ಬಾಲ ಸಾಮಾನ್ಯವಾಗಿ ಕ್ಯಾಮೆರಾ ಹಿಂದಿನ ಪ್ಲಾಸ್ಟಿಕ್ ಬಾಕ್ಸ್ ಒಳಗೆ ಮಡಚಿಕೊಂಡಿರುತ್ತದೆ. ಏಣಿ ಹತ್ತಿ ಸ್ಕ್ರೂ ಬಿಚ್ಚಲೇಬೇಕು, ಬೇರೆ ದಾರಿ ಇಲ್ಲ. ಹತ್ತುವ ಮುಂಚೆ ಕರೆಂಟ್ ಆಫ್ ಮಾಡಿ.

ಬಾಲದಲ್ಲಿ ನೋಡಬೇಕಾದ್ದು ಇಷ್ಟೇ. ತಿರುಗಿಸಿ ಲಾಕ್ ಮಾಡುವ ದುಂಡನೆ ಲೋಹದ ಪಿನ್, ಪಕ್ಕದಲ್ಲಿ ಕರೆಂಟಿನ ಕಪ್ಪು ಪಿನ್, ಇವೆರಡೇ ಇದ್ದರೆ ಅದು ಅನಲಾಗ್. ಆ ದುಂಡನೆಯದಕ್ಕೆ ಬಿಎನ್‌ಸಿ ಅಂತಾರೆ. ಅದಕ್ಕೆ ಬೇಕಾದ್ದು ಡಿವಿಆರ್. ಕಂಪ್ಯೂಟರ್‌ಗೆ ನೆಟ್ ವೈರ್ ಚುಚ್ಚುವಂಥ ಚೌಕದ ಸಾಕೆಟ್ ಇದ್ದರೆ ಅದು ಐಪಿ, ಎನ್‌ವಿಆರ್ ಕಡೆಯದ್ದು. ಐಪಿಯಲ್ಲೂ ಪಕ್ಕಕ್ಕೆ ಕರೆಂಟಿನ ಪಿನ್ ಇರಬಹುದು, ಅದನ್ನು ನೋಡಿ ಗೊಂದಲ ಬೇಡ. ಹಳೇ ಐಪಿ ಕ್ಯಾಮೆರಾ ಕೆಲವಕ್ಕೆ ಚೌಕದ ಸಾಕೆಟ್ ಜೊತೆ ಒಂದು ಬಿಎನ್‌ಸಿಯೂ ಇರುತ್ತದೆ. ಅದು ಕೂರಿಸುವಾಗ ದಿಕ್ಕು ಸರಿ ಇದೆಯಾ ಅಂತ ನೋಡಿಕೊಳ್ಳಲು ಕೊಟ್ಟದ್ದು. ಚೌಕದ ಸಾಕೆಟ್ ಇದ್ದರೆ ಐಪಿ ಅಂತಲೇ ಲೆಕ್ಕ.

ಈಗ ನಿಮ್ಮ ನೀಲಿ ವೈರಿನ ವಿಷಯ. ಎಡವುವುದು ಇಲ್ಲೇ. ಎರಡನೇ ಸಲ ಕಳಿಸಿದ ಫೋಟೋದಲ್ಲಿ ಆಫೀಸ್ ಕಡೆಯ ತುದಿ ದೊಡ್ಡದು ಮಾಡಿ ನೋಡಿ. ಆರು ನೀಲಿ ವೈರಲ್ಲಿ ಎರಡಕ್ಕೆ ಮಾತ್ರ ಪಾರದರ್ಶಕ ಪ್ಲಾಸ್ಟಿಕ್ ಜ್ಯಾಕ್ ಇದೆ. ಉಳಿದ ನಾಲ್ಕರ ಸಿಪ್ಪೆ ಸುಲಿದು, ಒಂದು ಜೋಡಿ ಎಳೆಯನ್ನು ಹೆಬ್ಬೆರಳು ಗಾತ್ರದ ಕಪ್ಪು ತುಂಡಿಗೆ ಸಿಕ್ಕಿಸಿದ್ದಾರೆ, ಆ ತುಂಡಿನ ಇನ್ನೊಂದು ತುದಿಯಲ್ಲಿ ಬಿಎನ್‌ಸಿ ಇದೆ. ಅದರ ಹೆಸರು ಬಾಲನ್. ನಮ್ಮ ಹುಡುಗರು ಬಲೂನ್ ಅಂತಾರೆ. ಅನಲಾಗ್ ಚಿತ್ರವನ್ನು ಲ್ಯಾನ್ ವೈರಲ್ಲಿ ಕಳಿಸೋಕೆ ಎರಡೂ ತುದಿಗೆ ಒಂದೊಂದು ಹಾಕುತ್ತಾರೆ. ಅಂದರೆ ವೈರ್ ಲ್ಯಾನಿಂದು, ಒಳಗೆ ಹರಿಯುತ್ತಿದ್ದದ್ದು ಅನಲಾಗ್. ನೀವು ಎನ್‌ವಿಆರ್ ತಂದಿದ್ದರೆ ಆರರಲ್ಲಿ ನಾಲ್ಕು ಕ್ಯಾಮೆರಾಗಳನ್ನು ಅದಕ್ಕೆ ಚುಚ್ಚೋಕೇ ಆಗ್ತಿರಲಿಲ್ಲ.

ಹಾಗಾದ್ರೆ ಯಾವುದಾದರೂ ಡಿವಿಆರ್ ಆಗುತ್ತಾ? ಆಗಲ್ಲ. ಬಿಎನ್‌ಸಿ ಒಂದೇ ಥರ ಕಂಡರೂ ಅದರಲ್ಲಿ ನಾಲ್ಕು ಭಾಷೆ ಇವೆ. ಹಳೇದು ಸಿವಿಬಿಎಸ್. ಎಚ್‌ಡಿ ಕಾಲದವು ಮೂರು: ಟಿವಿಐ, ಸಿವಿಐ, ಎಎಚ್‌ಡಿ. ಕ್ಯಾಮೆರಾ ಆಡುವ ಭಾಷೆ ರೆಕಾರ್ಡರ್‌ಗೆ ಬರದಿದ್ದರೆ ಪರದೆ ಕಪ್ಪಗಿರುತ್ತದೆ, ಇಲ್ಲಾ ಕಪ್ಪು ಬಿಳುಪಿನ ಗೆರೆ ಓಡುತ್ತವೆ. ಜನ ಕ್ಯಾಮೆರಾ ಸತ್ತಿದೆ ಅಂತ ಬಿಸಾಕುತ್ತಾರೆ.

ಭಾಷೆ ತಿಳಿಯೋಕೆ ಸ್ಟಿಕ್ಕರ್ ಬೇಕು. ನಿಮ್ಮ ಒಂದು ಬುಲೆಟ್ ಮೇಲೆ DS-2CE16D0T ಅಂತ ಓದೋಕೆ ಆಗುತ್ತಿದೆ. ಇದು ಹಿಕ್‌ವಿಷನ್ ಕಂಪನಿಯ ಸಂಖ್ಯೆ. 2CE ಅಂದರೆ ಅನಲಾಗ್. D0T ಅಂದರೆ 2 ಮೆಗಾಪಿಕ್ಸೆಲ್, ಭಾಷೆ ಟಿವಿಐ. ಅದೇ ಜಾಗದಲ್ಲಿ C0T ಇದ್ದರೆ 1, H0T ಇದ್ದರೆ 5 ಮೆಗಾಪಿಕ್ಸೆಲ್. ಡೋಮ್ ಎರಡರ ಮೇಲೂ DS-2CD ಇದೆ. E ಹೋಗಿ D ಬಂದರೆ ಐಪಿ. ಒಂದೇ ಅಕ್ಷರ ನೋಡಿ! ದಹುವಾ ಕಂಪನಿಯದಾದರೆ HAC ಇದ್ದದ್ದು ಅನಲಾಗ್, IPC ಇದ್ದದ್ದು ಐಪಿ.

ಇನ್ನೆರಡು ಹೊಸ ಬುಲೆಟ್‌ಗಳ ಸ್ಟಿಕ್ಕರ್ ಬಿಸಿಲಿಗೆ ಬೆಳ್ಳಗಾಗಿದೆ. ಟಾರ್ಚನ್ನು ಓರೆಯಾಗಿ ಹಿಡಿದು ಇನ್ನೊಮ್ಮೆ ಫೋಟೋ ತೆಗೆಯಿರಿ, ಕೆಲವೊಮ್ಮೆ ಅಕ್ಷರದ ಗುರುತು ಏಳುತ್ತದೆ. ಅವುಗಳ ಬಾಲದಲ್ಲಿ ಕಡಲೆಕಾಳಿನಷ್ಟು ಒಂದು ಗುಂಡಿ ಇದೆ ಅಲ್ವಾ, ನಾಲ್ಕು ಕಡೆಗೂ ವಾಲುತ್ತದೆ. ಅದು ಭಾಷೆ ಬದಲಾಯಿಸುವ ಸ್ವಿಚ್. ಒಂದು ದಿಕ್ಕಿಗೆ ಸುಮಾರು 5 ಸೆಕೆಂಡ್ ಒತ್ತಿ ಹಿಡಿದರೆ ಕ್ಯಾಮೆರಾ ಆ ಭಾಷೆಗೆ ತಿರುಗುತ್ತದೆ. ಯಾವ ದಿಕ್ಕಿಗೆ ಯಾವ ಭಾಷೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಗುಂಡಿ ಇರುವ ಕ್ಯಾಮೆರಾ ಅಷ್ಟೊಂದು ತಲೆನೋವಲ್ಲ, ರೆಕಾರ್ಡರ್‌ಗೆ ತಕ್ಕಂತೆ ತಿರುಗಿಸಿಕೊಳ್ಳಬಹುದು.

ಆ 36 ಎಲ್‌ಇಡಿಯ ಮುದುಕನಿಗೆ ಸ್ಟಿಕ್ಕರೂ ಇಲ್ಲ, ಗುಂಡಿಯೂ ಇಲ್ಲ. ಅದಕ್ಕೊಂದು ಹಳೇ ಉಪಾಯ ಇದೆ. ಹಿಂದೆ ಹಳದಿ ಎವಿ ಸಾಕೆಟ್ ಇರುವ ಯಾವುದಾದರೂ ಟಿವಿ ಹುಡುಕಿ. ಬಿಎನ್‌ಸಿಯಿಂದ ಎವಿ ಪಿನ್‌ಗೆ ಬದಲಾಯಿಸುವ ಸಣ್ಣ ತುಂಡು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾಮೆರಾ ಬಿಚ್ಚಿ ತಂದು 12 ವೋಲ್ಟ್ 1 ಆಂಪ್ ಅಡಾಪ್ಟರ್ ಕೊಟ್ಟು ಟಿವಿಗೆ ಚುಚ್ಚಿ. ಚಿತ್ರ ನೆಟ್ಟಗೆ ಬಂದರೆ ಅದು ಸಿವಿಬಿಎಸ್, ಯಾಕಂದ್ರೆ ಟಿವಿಗೆ ಬರುವ ಭಾಷೆ ಅದೊಂದೇ. ಬರದಿದ್ದರೆ ಕ್ಯಾಮೆರಾ ಎಚ್‌ಡಿ ಇರಬಹುದು, ಸತ್ತೂ ಇರಬಹುದು. ಅಂಗೈಯಿಂದ ಮುಖ ಪೂರ್ತಿ ಮುಚ್ಚಿ ಹಿಡಿದು, ಬೆರಳ ಸಂದಿಯಲ್ಲಿ ನೋಡಿ. ಎಲ್‌ಇಡಿಗಳಲ್ಲಿ ಮಂಕಾದ ಕೆಂಪು ಹೊತ್ತಿಕೊಂಡರೆ ಅದಕ್ಕೆ ಕರೆಂಟ್ ತಲುಪುತ್ತಿದೆ. ಹೊಸ ಕ್ಯಾಮೆರಾ ಆದರೆ ಮುಚ್ಚಿದ ತಕ್ಷಣ ಒಳಗಿನ ಫಿಲ್ಟರ್ ಸರಿಯುವ ‘ಟಕ್’ ಸದ್ದೂ ಕೇಳುತ್ತದೆ. ನಿನ್ನೆ ನೀವು ಫೋನ್ ಮಾಡಿ, ಟಿವಿಯಲ್ಲಿ ಜೋಳದ ಚೀಲ ಕಾಣ್ತಿದೆ ಅಂದಿರಿ. ಅಲ್ಲಿಗೆ ಅದು ಸಿವಿಬಿಎಸ್.

ಅಂದರೆ ನಿಮ್ಮ ಲೆಕ್ಕ ಹೀಗಾಯ್ತು. ಒಂದು ಸಿವಿಬಿಎಸ್, ಒಂದು 2 ಮೆಗಾಪಿಕ್ಸೆಲ್ ಟಿವಿಐ, ಹೇಗೆ ಬೇಕಾದರೂ ತಿರುಗುವ ಎರಡು, ಐಪಿ ಎರಡು. ಇದಕ್ಕೆ ಬೇಕಾದ್ದು ನಾಲ್ಕು ಅನಲಾಗ್ ಭಾಷೆಯ ಜೊತೆ ಐಪಿಯನ್ನೂ ತಗೊಳ್ಳುವ ಡಿವಿಆರ್. ಅಂಗಡಿಯಲ್ಲಿ ಎಕ್ಸ್‌ವಿಆರ್ ಅಂತ ಕೇಳಿ, ಫೈವ್ ಇನ್ ಒನ್ ಅಂದರೂ ಗೊತ್ತಾಗುತ್ತದೆ. 8 ಚಾನೆಲ್‌ದು ತಗೊಳ್ಳಿ. ಐಪಿ ಕ್ಯಾಮೆರಾ ಎಷ್ಟು ಸೇರಿಸಬಹುದು ಅಂತ ಡಬ್ಬಿ ಮೇಲೆ ಬೇರೆಯಾಗಿ ಬರೆದಿರುತ್ತದೆ, ಎರಡಾದರೂ ಇರಲಿ. ಡೋಮ್‌ಗಳು ನೇರ ಡಿವಿಆರ್‌ಗೆ ಬರಲ್ಲ. ಲ್ಯಾನ್ ವೈರಲ್ಲೇ ಕರೆಂಟನ್ನೂ ಕೊಡುವ ಒಂದು ಸಣ್ಣ ಪಿಒಇ ಸ್ವಿಚ್‌ಗೆ ಬಂದು, ಅಲ್ಲಿಂದ ಒಂದೇ ವೈರ್ ಡಿವಿಆರ್‌ನ ನೆಟ್ ಸಾಕೆಟ್‌ಗೆ ಹೋಗುತ್ತದೆ. ಡಿವಿಆರ್ ಬೇರೆ ಕಂಪನಿಯದಾದರೆ ಅದರ ವಿವರದಲ್ಲಿ ONVIF ಅನ್ನೋ ಪದ ಇದೆಯಾ ನೋಡಿ, ಅದು ಬೇರೆ ಬೇರೆ ಕಂಪನಿಯ ಐಪಿ ಸಾಮಾನು ಒಂದಕ್ಕೊಂದು ಮಾತಾಡೋಕೆ ಇರುವ ಸಾಮಾನ್ಯ ಭಾಷೆ.

ಬೆಲೆ ಕೇಳುವಾಗ ಒಂದು ಕಡೆ ಹುಷಾರಾಗಿರಿ. ಕಮ್ಮಿ ಬೆಲೆಯ ಡಿವಿಆರ್ ಮೇಲೆ 1080N ಅಂತ, ಇಲ್ಲಾ ಲೈಟ್ ಅಂತ ಇರುತ್ತದೆ. ಪೂರ್ತಿ 1080 ಅಂದರೆ ಚಿತ್ರದ ಅಗಲ 1920 ಚುಕ್ಕಿ. N ಇದ್ದರೆ ಅಗಲ 960 ಮಾತ್ರ, ಅರ್ಧಕ್ಕೆ ಹಿಂಡಿ ಬರೆದುಕೊಂಡು ತೋರಿಸುವಾಗ ಎಳೆದು ತೋರಿಸುತ್ತದೆ. ಲಾರಿ ಬಂತಾ ಹೋಯ್ತಾ ಅಂತ ನೋಡೋಕೆ ತೊಂದರೆ ಇಲ್ಲ. ನಂಬರ್ ಪ್ಲೇಟ್ ಓದಬೇಕು ಅಂದ್ರೆ ವ್ಯತ್ಯಾಸ ಗೊತ್ತಾಗುತ್ತದೆ. ಗೇಟಿನ ಕ್ಯಾಮೆರಾ 2 ಮೆಗಾಪಿಕ್ಸೆಲ್ ಇರುವಾಗ ಅರ್ಧ ಬರೆದುಕೊಳ್ಳುವ ಡಿವಿಆರ್ ಕೊಡಬೇಡಿ ಅಂತ ನನ್ನ ಮಾತು. ಬೆರಕೆ ಕ್ಯಾಮೆರಾ ಹಾಕುವಾಗ ಭಾಷೆಯನ್ನು ಹೆಚ್ಚಿನ ಎಕ್ಸ್‌ವಿಆರ್‌ಗಳು ತಾವೇ ಗುರುತಿಸುತ್ತವೆ. ಗುರುತಿಸದಿದ್ದರೆ ಚಾನೆಲ್ ಸೆಟ್ಟಿಂಗ್‌ಗೆ ಹೋಗಿ ನಾವೇ ಆರಿಸಿಕೊಡಬೇಕು.

ಬಾಲನ್ ಹಾಕಿರುವ ಹಿತ್ತಲ ಬುಲೆಟ್ ಬಗ್ಗೆ ಒಂದು ಮಾತು. ಅದರ ಕರೆಂಟೂ ಅದೇ ಲ್ಯಾನ್ ವೈರಿನ ಉಳಿದ ಎಳೆಗಳಲ್ಲೇ ಹೋಗಿದೆ, ದೂರ ಸುಮಾರು 80 ಮೀಟರ್ ಅಂದಿರಿ. ಹಗಲು ಚೆನ್ನಾಗಿ ಬಂದು, ಕತ್ತಲಾಗಿ ಎಲ್‌ಇಡಿ ಹೊತ್ತಿಕೊಂಡ ಮೇಲೆ ಚಿತ್ರ ಹೋಗಿ ಬಂದು ಮಾಡಿದರೆ ಡಿವಿಆರ್‌ನ ಬೈಯ್ಯಬೇಡಿ. ಎಲ್‌ಇಡಿ ಹೊತ್ತಿದಾಗ ಕ್ಯಾಮೆರಾ ಜಾಸ್ತಿ ಕರೆಂಟ್ ಎಳೆಯುತ್ತದೆ, ತೆಳ್ಳನೆ ಎಳೆಯಲ್ಲಿ ವೋಲ್ಟೇಜ್ ಇಳಿದುಹೋಗುತ್ತದೆ. ಆ ಕ್ಯಾಮೆರಾಗೆ ಹತ್ತಿರದಲ್ಲೇ ಬೇರೆ ಅಡಾಪ್ಟರ್ ಕೊಟ್ಟರೆ ಸರಿ.

ಡಿವಿಆರ್ ತರುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಐಪಿ ಡೋಮ್‌ಗಳಿಗೆ ಪಾಸ್‌ವರ್ಡ್ ಇರುತ್ತದೆ, ಅದು ಹಿಂದಿನ ಬಾಡಿಗೆದಾರರ ಹತ್ತಿರ ಇದೆ. ಅದಿಲ್ಲದೆ ಯಾವ ರೆಕಾರ್ಡರೂ ಅವನ್ನು ಸೇರಿಸಿಕೊಳ್ಳಲ್ಲ. ಫೋನ್ ಮಾಡಿ ಕೇಳಿ. ಕೊಡದಿದ್ದರೆ ಕಾರ್ಡಿನ ಸಂದಿಯ ಪಕ್ಕ ಸಣ್ಣ ರಿಸೆಟ್ ಗುಂಡಿ ಇದೆಯಾ ಹುಡುಕಿ. ಇದ್ದರೆ ಅದನ್ನು ಒತ್ತಿ ಹಿಡಿದೇ ಕರೆಂಟ್ ಕೊಟ್ಟು, ಹತ್ತು ಹದಿನೈದು ಸೆಕೆಂಡ್ ಬಿಟ್ಟು ಕೈ ತೆಗೆದರೆ ಸಾಮಾನ್ಯವಾಗಿ ಹೊಸದರಂತಾಗುತ್ತದೆ. ಗುಂಡಿಯೂ ಇಲ್ಲ, ಪಾಸ್‌ವರ್ಡೂ ಸಿಗಲಿಲ್ಲ ಅಂದ್ರೆ ಕಂಪನಿಯ ಸರ್ವಿಸ್ ಮೂಲಕವೇ ಹೋಗಬೇಕು. ಅಲ್ಲೂ ಆಗದಿದ್ದರೆ ಪಿಒಇ ಸ್ವಿಚ್ ಕೊಳ್ಳೋದು ದಂಡ. ಆಗ ಆ ಎರಡು ಜಾಗಕ್ಕೆ ಬಿಎನ್‌ಸಿ ಡೋಮ್ ಹಾಕಿ, ಅದೇ ನೀಲಿ ವೈರಿಗೆ ಬಾಲನ್ ಕೂರಿಸಿದರೆ ಆರೂ ನೇರ ಡಿವಿಆರ್‌ಗೇ ಬರುತ್ತವೆ.