ಕೆಲಸ ಬಿಟ್ಟ ಮೇಲಿನ ಪೈಪೋಟಿ ನಿರ್ಬಂಧ: ಕಲಂ 27ರ ಮುಂದೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ

"ಉದ್ಯೋಗಿಯು ಸಂಸ್ಥೆಯನ್ನು ತೊರೆದ ದಿನದಿಂದ ಹನ್ನೆರಡು ತಿಂಗಳವರೆಗೆ ಯಾವುದೇ ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ ಕೆಲಸ ಮಾಡತಕ್ಕದ್ದಲ್ಲ." ನೇಮಕಾತಿ ಪತ್ರದಲ್ಲಿ ಇಂಥ ನಾನ್-ಕಾಂಪೀಟ್ ಷರತ್ತು ಇದ್ದರೆ ಅದು ಜಾರಿಯಾಗುತ್ತದೆಯೇ ಎಂದು ಪರೀಕ್ಷೆಯಲ್ಲಿ ಕೇಳಿದಾಗ, ಅವಧಿಯೂ ಪ್ರದೇಶವೂ ಸಮಂಜಸವಾಗಿದ್ದರೆ ಜಾರಿಯಾಗುತ್ತದೆ ಎಂದು ಬರೆಯುವವರೇ ಹೆಚ್ಚು. ಅದು ಇಂಗ್ಲೆಂಡಿನ ಕಾನೂನಿಗೆ ಸರಿಹೊಂದುವ ಉತ್ತರ. ಅಲ್ಲಿ 1894ರ ನಾರ್ಡನ್‌ಫೆಲ್ಟ್ ಪ್ರಕರಣದಿಂದೀಚೆಗೆ ಸಮಂಜಸತೆಯೇ ಅಳತೆಗೋಲು. ಭಾರತದಲ್ಲಿ ನಾವು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ನಿರ್ಬಂಧ ಕೆಲಸ ಮಾಡುವುದು ಉದ್ಯೋಗ ಇರುವಾಗಲೋ, ಮುಗಿದ ಮೇಲೋ?

ಭಾರತೀಯ ಕರಾರು ಕಾಯ್ದೆ, 1872ರ ಕಲಂ 27 ಹೇಳುವುದಿಷ್ಟು: ಕಾನೂನುಬದ್ಧವಾದ ಯಾವುದೇ ವೃತ್ತಿಯನ್ನಾಗಲಿ ವ್ಯಾಪಾರವನ್ನಾಗಲಿ ನಡೆಸದಂತೆ ಒಬ್ಬರನ್ನು ತಡೆಯುವ ಪ್ರತಿ ಒಪ್ಪಂದವೂ ಆ ಮಟ್ಟಿಗೆ ಶೂನ್ಯ. "ಸಮಂಜಸವಲ್ಲದ" ಎಂಬ ವಿಶೇಷಣವಾಗಲಿ, "ಸಂಪೂರ್ಣವಾಗಿ" ಎಂಬ ಮಾತಾಗಲಿ ಅಲ್ಲಿಲ್ಲ. ಈ ಕಲಮಿನ ಮೂಲ ಇಂಗ್ಲೆಂಡಿನ ತೀರ್ಪುಗಳಲ್ಲಿ ಇಲ್ಲ. ಡೇವಿಡ್ ಡಡ್ಲಿ ಫೀಲ್ಡ್ ನ್ಯೂಯಾರ್ಕ್ ರಾಜ್ಯಕ್ಕಾಗಿ ಸಿದ್ಧಪಡಿಸಿದ್ದ ಸಂಹಿತೆಯ ಕರಡಿನಲ್ಲಿದೆ. ಕ್ಯಾಲಿಫೋರ್ನಿಯಾದ ನಿಯಮವೂ ಅದೇ ಬೇರಿನದು, ಆದ್ದರಿಂದ ಈ ವಿಷಯದಲ್ಲಿ ಬೆಂಗಳೂರಿನ ಎಂಜಿನಿಯರ್ ಲಂಡನ್ನಿನವರಿಗಿಂತ ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಹತ್ತಿರ. ಭಾಗಶಃ ನಿರ್ಬಂಧವೂ ಈ ಕಲಮಿನೊಳಗೆ ಬರುತ್ತದೆ ಎಂಬುದು 1874ರಲ್ಲೇ, ಮಾಧಬ್ ಚಂದರ್ ಪ್ರಕರಣದಲ್ಲಿ ಕಲ್ಕತ್ತಾ ಹೈಕೋರ್ಟಿನಿಂದ ನಿರ್ಧಾರವಾಯಿತು. ಒಂದು ಬಡಾವಣೆಯಲ್ಲಿ ಅಂಗಡಿ ಮುಚ್ಚಿದರೆ ಹಣ ಕೊಡುತ್ತೇನೆಂದು ಪೈಪೋಟಿಯ ವ್ಯಾಪಾರಿಗೆ ಮಾತುಕೊಟ್ಟವನು, ಅಂಗಡಿ ಮುಚ್ಚಿದ ಮೇಲೆ ಹಣ ಕೊಡಲಿಲ್ಲ. ಕರಾರೇ ಶೂನ್ಯವಾದ್ದರಿಂದ ವಾದಿಗೆ ಆ ಹಣ ಸಿಗಲಿಲ್ಲ.

ಹಾಗಿದ್ದರೂ ಉದ್ಯೋಗ ಚಾಲ್ತಿಯಲ್ಲಿರುವಾಗ ಬೇರೆಡೆ ದುಡಿಯಬಾರದು ಎಂಬ ಷರತ್ತು ಏಕೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ನಿರಂಜನ್ ಶಂಕರ್ ಗೋಳಿಕೇರಿ ಪ್ರಕರಣವನ್ನು (ಸುಪ್ರೀಂ ಕೋರ್ಟ್, 1967) ನಿಧಾನವಾಗಿ ಓದಬೇಕು. ಕಲ್ಯಾಣದ ಕಾರ್ಖಾನೆಯೊಂದು ಟೈರುಗಳಿಗೆ ಬೇಕಾದ ನೂಲಿನ ತಯಾರಿಕೆಗಾಗಿ ವಿದೇಶಿ ಕಂಪನಿಗಳಿಂದ ತಂತ್ರಜ್ಞಾನ ಪಡೆದಿತ್ತು. ಅದನ್ನು ಗುಟ್ಟಾಗಿ ಕಾಪಾಡುವ ಹೊಣೆಯನ್ನೂ ಹೊತ್ತಿತ್ತು. ಶಿಫ್ಟ್ ಮೇಲ್ವಿಚಾರಕರಾಗಿ ಸೇರಿದವರ ಕರಾರು ಐದು ವರ್ಷದ್ದು. ಅವಧಿ ಮುಗಿಯುವ ಮೊದಲೇ ಬಿಟ್ಟರೆ, ಉಳಿದ ಅವಧಿಯಲ್ಲಿ ಅದೇ ಬಗೆಯ ತಯಾರಿಕೆ ನಡೆಸುವ ಬೇರೆಯವರಲ್ಲಿ ಕೆಲಸ ಮಾಡಬಾರದು ಎಂದು ಅದರಲ್ಲಿತ್ತು. ಅವರು 1964ರಲ್ಲಿ ನಡುವೆಯೇ ಬಿಟ್ಟು ರಾಜಸ್ಥಾನದ ಪ್ರತಿಸ್ಪರ್ಧಿ ಕಂಪನಿಗೆ ಸೇರಿದರು. ಕರಾರಿನ ಅವಧಿ ತೀರುವವರೆಗಿನ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಉದ್ಯೋಗಿ ಮಾಲೀಕನಿಗಷ್ಟೇ ದುಡಿಯಬೇಕಾದ ಅವಧಿಯಲ್ಲಿ ಜಾರಿಯಲ್ಲಿರುವ ನಿಷೇಧ ಸಾಮಾನ್ಯವಾಗಿ ವ್ಯಾಪಾರಕ್ಕೆ ಅಡ್ಡಿಯಲ್ಲ ಎಂಬುದು ಅದರ ತರ್ಕ. ಆ ನಿಷೇಧ ವಿಪರೀತವಾಗಿದ್ದರೆ ಅಥವಾ ಏಕಪಕ್ಷೀಯವಾಗಿದ್ದರೆ ಮಾತು ಬೇರೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ವಕೀಲರ ನೋಟಿಸುಗಳಲ್ಲಿ ಈ ತೀರ್ಪು "ನಾನ್-ಕಾಂಪೀಟ್ ಮಾನ್ಯ" ಎಂಬುದಕ್ಕೆ ಆಧಾರವಾಗಿ ಕಾಣಿಸಿಕೊಳ್ಳುವುದುಂಟು. ಉದ್ಯೋಗಿ ದೈಹಿಕವಾಗಿ ಹೊರನಡೆದಿದ್ದರೂ ಕರಾರಿನ ಕಾಲ ಇನ್ನೂ ಓಡುತ್ತಿತ್ತು ಎಂಬ ಅಂಶವನ್ನು ಅಂಥ ನೋಟಿಸುಗಳು ಹೇಳುವುದಿಲ್ಲ.

ಮುಗಿದ ಮೇಲಿನ ನಿರ್ಬಂಧದ ಪ್ರಶ್ನೆ ನೇರವಾಗಿ ಎದ್ದದ್ದು ಕೃಷ್ಣ ಮುರ್ಗಾಯಿ ಪ್ರಕರಣದಲ್ಲಿ (ಸುಪ್ರೀಂ ಕೋರ್ಟ್, 1980). ಸರಕಿನ ಗುಣಮಟ್ಟ ಪರಿಶೀಲಿಸುವ ಕಂಪನಿಯೊಂದರ ದೆಹಲಿ ಶಾಖೆಯ ವ್ಯವಸ್ಥಾಪಕರು, ಕಂಪನಿಯನ್ನು ತೊರೆದ ಮೇಲೆ ಎರಡು ವರ್ಷ ತಮ್ಮ ಕೊನೆಯ ನಿಯುಕ್ತಿಯ ಸ್ಥಳದಲ್ಲಿ ಅದೇ ವ್ಯವಹಾರ ನಡೆಸಬಾರದು ಎಂಬ ಷರತ್ತಿಗೆ ಸಹಿ ಮಾಡಿದ್ದರು. ಕಂಪನಿಯೇ ಅವರನ್ನು ಕೆಲಸದಿಂದ ತೆಗೆಯಿತು. ಅವರು ದೆಹಲಿಯಲ್ಲೇ ಸ್ವಂತ ವ್ಯವಹಾರ ತೆರೆದರು. ಕಂಪನಿ ಸೋತಿತು. ಆದರೆ ಯಾವ ಕಾರಣಕ್ಕೆ ಎಂಬುದನ್ನು ಗಮನಿಸಿ. ಇಬ್ಬರು ನ್ಯಾಯಮೂರ್ತಿಗಳು, "ತೊರೆಯುವುದು" ಎಂದರೆ ತಾನಾಗಿ ಬಿಡುವುದು, ತೆಗೆದುಹಾಕಿದವರಿಗೆ ಷರತ್ತು ಅನ್ವಯಿಸುವುದೇ ಇಲ್ಲ ಎಂದು ಅರ್ಥೈಸಿ ಕಲಂ 27ರ ದೊಡ್ಡ ಪ್ರಶ್ನೆಯನ್ನು ಬಿಟ್ಟುಬಿಟ್ಟರು. ಸೇವೆ ಮುಗಿದ ಮೇಲಿನ ನಿರ್ಬಂಧ ಕಲಂ 27ರ ಅಡಿ ಶೂನ್ಯ, ಸಮಂಜಸತೆಯ ಪರೀಕ್ಷೆಗೆ ಅಲ್ಲಿ ಜಾಗವಿಲ್ಲ ಎಂದು ವಿಸ್ತಾರವಾಗಿ ಬರೆದವರು ನ್ಯಾಯಮೂರ್ತಿ ಎ.ಪಿ. ಸೇನ್, ತಮ್ಮ ಪ್ರತ್ಯೇಕ ಸಹಮತದ ತೀರ್ಪಿನಲ್ಲಿ. ಆ ಸಾಲುಗಳನ್ನು ಇಡೀ ಪೀಠದ ನಿರ್ಣಯವೆಂದು ಬರೆದರೆ ಉತ್ತರ ತಪ್ಪಾಗುತ್ತದೆ. ಅವರ ನಿಲುವಿಗೆ ಗಟ್ಟಿ ಬಲ ಬಂದದ್ದು 2006ರ ಪರ್ಸೆಪ್ಟ್ ಡಿ'ಮಾರ್ಕ್ ತೀರ್ಪಿನಿಂದ. ಕ್ರಿಕೆಟಿಗ ಜಹೀರ್ ಖಾನ್ ಅವರನ್ನು ಕರಾರು ಮುಗಿದ ಮೇಲೂ ಕಟ್ಟಿಹಾಕುವಂತಿದ್ದ ಷರತ್ತು ಶೂನ್ಯವೆಂದೂ, ಈ ತತ್ವ ಉದ್ಯೋಗ ಕರಾರುಗಳಿಗೆ ಮಾತ್ರ ಸೀಮಿತವಲ್ಲವೆಂದೂ ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು.

ಇಷ್ಟಾದ ಮೇಲೂ ಕಂಪನಿಗಳು ಈ ಷರತ್ತನ್ನು ಬರೆಯುವುದನ್ನು ನಿಲ್ಲಿಸಿಲ್ಲ. ಶೂನ್ಯ ಷರತ್ತನ್ನು ಬರೆದದ್ದಕ್ಕೆ ಕಲಂ 27 ಯಾವ ದಂಡವನ್ನೂ ವಿಧಿಸುವುದಿಲ್ಲ, ಓದಿದವರು ಹೆದರಿದರೆ ಕಂಪನಿಗೆ ಅಷ್ಟೇ ಲಾಭ.

ಇನ್ನು ಒಂದು ಕಲ್ಪಿತ ಪ್ರಸಂಗವನ್ನು ಬಿಡಿಸಿ ನೋಡೋಣ. ಪೀಣ್ಯದಲ್ಲಿ ಹೈಡ್ರಾಲಿಕ್ ವಾಲ್ವ್ ತಯಾರಿಸುವ ಕಂಪನಿಗೆ ಒಬ್ಬರು 2023ರ ಏಪ್ರಿಲ್ 1ರಂದು ಸೇಲ್ಸ್ ಎಂಜಿನಿಯರ್ ಆಗಿ ಸೇರುತ್ತಾರೆ. ಕರಾರಿನಲ್ಲಿ ನಾಲ್ಕು ಮಾತುಗಳಿವೆ: ಮೂರು ವರ್ಷದೊಳಗೆ ಬಿಟ್ಟರೆ ₹1.5 ಲಕ್ಷ ಕೊಡಬೇಕು. ರಾಜೀನಾಮೆಗೆ 90 ದಿನಗಳ ನೋಟಿಸ್ ಬೇಕು. ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿಯಲ್ಲಿ ಕೆಲಸ ಮಾಡಬಾರದು. ಕಂಪನಿಯ ಗೌಪ್ಯ ಮಾಹಿತಿಯನ್ನು ಎಂದೂ ಬಳಸಬಾರದು. ಅವರು 2025ರ ಸೆಪ್ಟೆಂಬರ್ 1ರಂದು ರಾಜೀನಾಮೆ ಕೊಟ್ಟು ಹೊಸೂರಿನ ಪ್ರತಿಸ್ಪರ್ಧಿಯನ್ನು ಸೇರಲು ನಿರ್ಧರಿಸುತ್ತಾರೆ. ನೋಟಿಸ್ ಅವಧಿ ನವೆಂಬರ್ 29ಕ್ಕೆ ಮುಗಿಯುತ್ತದೆ. ಕಂಪನಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 1 ಮತ್ತು 2ರ ಅಡಿ ಮಧ್ಯಂತರ ತಡೆಯಾಜ್ಞೆ ಕೋರುತ್ತದೆ.

ನವೆಂಬರ್ 29ರವರೆಗೆ ಅವರು ಕಂಪನಿಯ ಉದ್ಯೋಗಿಯೇ. ಅಕ್ಟೋಬರಿನಲ್ಲೇ ಅವರು ಹೊಸೂರಿನ ಕಂಪನಿಯ ಪರವಾಗಿ ಗ್ರಾಹಕರಿಗೆ ಕೊಟೇಶನ್ ಕಳುಹಿಸತೊಡಗಿದರೆ ಗೋಳಿಕೇರಿ ತತ್ವ ಅವರ ವಿರುದ್ಧ ನಿಲ್ಲುತ್ತದೆ. ನವೆಂಬರ್ 30ರಿಂದ ಮೂರನೆಯ ಷರತ್ತಿನ ಮೇಲೆ ತಡೆಯಾಜ್ಞೆ ಸಿಗಬಾರದು. ಒಂದು ವರ್ಷವನ್ನು ಮೂರು ತಿಂಗಳಿಗೆ ಇಳಿಸಿದರೂ, ನಿಷೇಧವನ್ನು ಹೊಸೂರಿಗಷ್ಟೇ ಸೀಮಿತಗೊಳಿಸಿದರೂ ಫಲ ಒಂದೇ. ಆ ಅವಧಿಗೆ ಸಂಬಳ ಕೊಡುತ್ತೇವೆ ಎಂದರೂ ಕಂಪನಿಯ ದಾರಿ ಸುಗಮವಾಗುವುದಿಲ್ಲ. ರಾಜೀನಾಮೆಯ ನಂತರ ಮೂರು ತಿಂಗಳು ಸಂಬಳ ಕೊಟ್ಟು ಮನೆಯಲ್ಲಿ ಕೂರಿಸುವ "ಗಾರ್ಡನ್ ಲೀವ್" ಷರತ್ತನ್ನು ಬಾಂಬೆ ಹೈಕೋರ್ಟ್ ವಿಎಫ್‌ಎಸ್ ಗ್ಲೋಬಲ್ ಪ್ರಕರಣದಲ್ಲಿ ಜಾರಿಗೊಳಿಸಲು ಒಪ್ಪಲಿಲ್ಲ.

ಕಂಪನಿಯ ಜಾಣ ವಕೀಲರು ಇಲ್ಲಿ ಒಂದು ವಾದ ಹೂಡಬಹುದು: ಮೂರು ವರ್ಷದ ಅವಧಿ 2026ರ ಮಾರ್ಚ್ 31ರವರೆಗೆ ಇದೆ, ಆದ್ದರಿಂದ ಉಳಿದ ನಾಲ್ಕು ತಿಂಗಳು ಗೋಳಿಕೇರಿಯಂತೆಯೇ ಕರಾರಿನ ಕಾಲ. ಈ ವಾದಕ್ಕೆ ಉತ್ತರ ಕರಾರಿನ ಸಾಲುಗಳಲ್ಲೇ ಇದೆ. ನೋಟಿಸ್ ಕೊಟ್ಟು ಬಿಡಲು ಕರಾರೇ ಅವಕಾಶ ಕೊಟ್ಟಿದೆ, ಬೇಗ ಬಿಟ್ಟರೆ ಹಣ ಕೊಡಬೇಕು ಎಂದಷ್ಟೇ ಹೇಳಿದೆ; ಉಳಿದ ಅವಧಿಗೆ ಬೇರೆಡೆ ದುಡಿಯಬಾರದು ಎಂಬ ನಿಷೇಧ ಅದರಲ್ಲಿಲ್ಲ. ಆದ್ದರಿಂದ ನೋಟಿಸ್ ಮುಗಿದ ದಿನವೇ ಕರಾರಿನ ಕಾಲವೂ ಮುಗಿಯಿತು ಎಂಬುದೇ ಸರಿಯಾದ ಓದು ಎಂದು ನನ್ನ ಅಭಿಪ್ರಾಯ. ನಿಗದಿತ ಅವಧಿಯ, ನಡುವೆ ಬಿಡಲು ಅವಕಾಶವಿಲ್ಲದ ಕರಾರಾಗಿದ್ದರೆ ಫಲಿತಾಂಶ ಬದಲಾಗಬಹುದಿತ್ತು.

₹1.5 ಲಕ್ಷದ ಬಾಂಡ್ ಮಾತ್ರ ಅಷ್ಟು ಸುಲಭವಾಗಿ ಬೀಳುವುದಿಲ್ಲ. ನಮ್ಮ ರಾಜ್ಯದ್ದೇ ಆದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಮುಗಿಯುವ ಮೊದಲು ಬಿಟ್ಟ ಅಧಿಕಾರಿ ₹2 ಲಕ್ಷ ಕೊಡಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾನ್ಯಮಾಡಿತು. ಈ ಷರತ್ತು ಮುಂದಿನ ಉದ್ಯೋಗವನ್ನು ತಡೆಯುವುದಿಲ್ಲ, ಇರುವ ಉದ್ಯೋಗವನ್ನು ಒಂದು ಕನಿಷ್ಠ ಅವಧಿಗೆ ಮುಂದುವರಿಸಲು ಕೇಳುತ್ತದೆ, ಆದ್ದರಿಂದ ಕಲಂ 27ಕ್ಕೆ ವಿರುದ್ಧವಲ್ಲ ಎಂಬುದು ಅದರ ಕಾರಣ. ಆದರೆ ಸಾರ್ವಜನಿಕ ವಲಯದ ಬ್ಯಾಂಕ್ ಹುದ್ದೆ ತುಂಬಲು ಬಹಿರಂಗ ನೇಮಕಾತಿಯ ಖರ್ಚಿನ ಪ್ರಕ್ರಿಯೆಯನ್ನು ಮತ್ತೆ ನಡೆಸಬೇಕಾಗುತ್ತದೆ ಎಂಬ ಅಂಶಕ್ಕೂ ಅಲ್ಲಿ ತೂಕ ಸಿಕ್ಕಿತ್ತು. ಪೀಣ್ಯದ ಖಾಸಗಿ ಕಂಪನಿಗೆ ಆ ವಾದ ಅದೇ ಬಲದಲ್ಲಿ ಸಿಗುವುದಿಲ್ಲ. ಕಲಂ 74ರ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸ ಪರಿಹಾರ ಎಷ್ಟು ಎಂಬುದನ್ನು ನ್ಯಾಯಾಲಯ ನಿರ್ಧರಿಸುತ್ತದೆ. ತರಬೇತಿಯ ಬಿಲ್ಲುಗಳನ್ನು ತೋರಿಸಿದರೆ ಕಂಪನಿಯ ಕೈ ಮೇಲಾಗುತ್ತದೆ. 32 ತಿಂಗಳ ಸೇವೆ ಈಗಾಗಲೇ ಸಂದಿರುವುದನ್ನು ಉದ್ಯೋಗಿ ಎತ್ತಿ ತೋರಿಸಬಹುದು.

ಕಂಪನಿಗೆ ನಿಜವಾದ ಆಸರೆ ಇರುವುದು ನಾಲ್ಕನೆಯ ಷರತ್ತಿನಲ್ಲಿ, ಅದಕ್ಕೂ ಸಾಕ್ಷ್ಯ ಬೇಕು. ಕೊನೆಯ ವಾರದಲ್ಲಿ ಅವರು ವಾಲ್ವ್ ನಕ್ಷೆಗಳನ್ನೂ ಗ್ರಾಹಕವಾರು ರಿಯಾಯಿತಿ ಪಟ್ಟಿಯನ್ನೂ ಸ್ವಂತ ಇಮೇಲಿಗೆ ಕಳುಹಿಸಿಕೊಂಡಿದ್ದರೆ, ಆ ಕಡತಗಳನ್ನು ಬಳಸದಂತೆ ತಡೆಯಾಜ್ಞೆ ಸಿಗುವ ಸಾಧ್ಯತೆ ಚೆನ್ನಾಗಿದೆ. ಆಗಲೂ ತಡೆ ಬೀಳುವುದು ಕಡತಗಳ ಬಳಕೆಗೆ, ಹೊಸೂರಿನ ಕೆಲಸಕ್ಕಲ್ಲ. ಯಾವ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಯಾರನ್ನು ಕಾಣಬೇಕು, ಯಾವ ಒತ್ತಡಕ್ಕೆ ಯಾವ ವಾಲ್ವ್ ಹೊಂದುತ್ತದೆ ಎಂಬುದು ತಲೆಯಲ್ಲಿ ಉಳಿದ ಅನುಭವ. ಅದನ್ನು ಗೌಪ್ಯ ಮಾಹಿತಿ ಎಂದು ಕರೆದು ಕಂಪನಿ ಬಿಗಿಹಿಡಿಯಲಾಗದು. ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕ್ ತನ್ನ ಮಾಜಿ ಉದ್ಯೋಗಿಯ ವಿರುದ್ಧ ಗ್ರಾಹಕರ ವಿವರಗಳ ನೆಪದಲ್ಲಿ ಕೋರಿದ್ದ ತಡೆಯಾಜ್ಞೆಯನ್ನು ದೆಹಲಿ ಹೈಕೋರ್ಟ್ 2006ರಲ್ಲಿ ನಿರಾಕರಿಸಿದ್ದು ಇದೇ ಜಾಡಿನಲ್ಲಿ. ದಾವೆಯ ಅರ್ಜಿಯಲ್ಲಿ ಯಾವ ಕಡತ, ಯಾವ ನಕ್ಷೆ, ಯಾವ ದಿನ ಎಂಬ ವಿವರವಿಲ್ಲದೆ ಬರೀ "ಗೌಪ್ಯ ಮಾಹಿತಿ" ಎಂದಷ್ಟೇ ಇದ್ದರೆ, ಶೂನ್ಯ ಷರತ್ತನ್ನೇ ಬೇರೆ ಹೆಸರಿನಲ್ಲಿ ಜಾರಿಗೊಳಿಸುವ ಪ್ರಯತ್ನ ಅದೆಂದು ಗುರುತಿಸಬಹುದು.

ಕಲಂ 27ರ ಪಠ್ಯದಲ್ಲೇ ಇರುವ ಅಪವಾದವೊಂದು ಉಳಿಯಿತು: ವ್ಯಾಪಾರದ ಗುಡ್‌ವಿಲ್ ಮಾರಿದವರು ನಿಗದಿತ ಸ್ಥಳೀಯ ಮಿತಿಯೊಳಗೆ, ಕೊಂಡವರು ಆ ವ್ಯಾಪಾರ ನಡೆಸುವವರೆಗೆ ಪೈಪೋಟಿ ಮಾಡುವುದಿಲ್ಲ ಎಂದು ಒಪ್ಪಬಹುದು. ಸಮಂಜಸತೆಯ ಮಾತು ಈ ಕಲಮಿನಲ್ಲಿ ಬರುವುದು ಇಲ್ಲಿ ಮಾತ್ರ. ಸ್ಟಾರ್ಟಪ್ ಸ್ಥಾಪಕರು ತಮ್ಮ ಕಂಪನಿಯನ್ನು ದೊಡ್ಡ ಸಂಸ್ಥೆಗೆ ಮಾರಿ, ಅಲ್ಲೇ ಉದ್ಯೋಗಿಯಾಗಿ ಎರಡು ವರ್ಷ ಇದ್ದು ಹೊರಬಂದರೆ, ಅವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಕರಾರುಗಳಿರುತ್ತವೆ. ಉದ್ಯೋಗ ಕರಾರಿನಲ್ಲಿರುವ ನಿಷೇಧ ಅವರನ್ನು ಕಟ್ಟುವುದಿಲ್ಲ. ಮಾರಾಟದ ಕರಾರಿನಲ್ಲಿ ಮಿತಿ ನಮೂದಿಸಿ ಬರೆದ ಅದೇ ನಿಷೇಧ ಕಟ್ಟಬಹುದು. ಅಂಥ ಪ್ರಶ್ನೆ ಬಂದಾಗ ಮೊದಲು ನೋಡಬೇಕಾದ್ದು, ನಿಷೇಧಕ್ಕೆ ಪ್ರತಿಯಾಗಿ ಅವರಿಗೆ ಸಂದದ್ದು ಸಂಬಳವೋ ಮಾರಾಟದ ಬೆಲೆಯೋ ಎಂಬುದನ್ನು.