ನಾಜಿಗಳೇ ಇಲ್ಲದ 'ಕಾಸಾಬ್ಲಾಂಕಾ': ಡಬ್ಬಿಂಗ್ ಮತ್ತು ಸಬ್‌ಟೈಟಲ್ ಚಿತ್ರವನ್ನು ಹೇಗೆ ಬದಲಿಸುತ್ತವೆ

1952ರಲ್ಲಿ ಪಶ್ಚಿಮ ಜರ್ಮನಿಯಲ್ಲಿ 'ಕಾಸಾಬ್ಲಾಂಕಾ' ಬಿಡುಗಡೆಯಾಯಿತು. ಯುದ್ಧದ ನಡುವೆ, 1942ರಲ್ಲಿ, ಅಮೆರಿಕದಲ್ಲಿ ತಯಾರಾದ ಚಿತ್ರ ಅದು. ನಾಜಿಗಳಿಂದ ತಪ್ಪಿಸಿಕೊಂಡು ಓಡಿ ಬಂದವರೇ ಅದರ ಜೀವಾಳ. ಆದರೆ ಜರ್ಮನ್ ಪ್ರೇಕ್ಷಕರು ನೋಡಿದ ಚಿತ್ರದಲ್ಲಿ ನಾಜಿಗಳೇ ಇರಲಿಲ್ಲ.

ಮೇಜರ್ ಸ್ಟ್ರಾಸರ್ ಎಂಬ ನಾಜಿ ಅಧಿಕಾರಿಯ ಪಾತ್ರವನ್ನು ಪೂರ್ತಿ ತೆಗೆದುಹಾಕಿದ್ದರು. ಕೆಫೆಯಲ್ಲಿ ಜರ್ಮನ್ ಅಧಿಕಾರಿಗಳ ಹಾಡನ್ನು ಮುಳುಗಿಸುವಂತೆ ಎಲ್ಲರೂ ಎದ್ದು ನಿಂತು ಫ್ರಾನ್ಸಿನ ರಾಷ್ಟ್ರಗೀತೆ ಹಾಡುವ ದೃಶ್ಯವೂ ಹೋಗಿತ್ತು. ಒಟ್ಟು ಸುಮಾರು 25 ನಿಮಿಷದಷ್ಟು ಚಿತ್ರಕ್ಕೆ ಕತ್ತರಿ ಬಿದ್ದಿತ್ತು. ಕತ್ತರಿ ಎಲ್ಲ ದೇಶಗಳಲ್ಲೂ ಇತ್ತು, ಅದು ಹೊಸದಲ್ಲ. ಹೊಸದು ಅಂದರೆ ಉಳಿದ ಭಾಗಕ್ಕೆ ಮಾಡಿದ್ದು. ಮೂಲದಲ್ಲಿ ವಿಕ್ಟರ್ ಲಾಸ್ಲೋ ಎಂಬಾತ ನಾಜಿಗಳ ವಿರುದ್ಧ ಹೋರಾಡುವ ನಾಯಕ. ಜರ್ಮನ್ ಡಬ್ಬಿಂಗ್‌ನಲ್ಲಿ ಅವನು ವಿಕ್ಟರ್ ಲಾರ್ಸೆನ್. 'ಡೆಲ್ಟಾ ಕಿರಣ' ಕಂಡುಹಿಡಿದ ನಾರ್ವೆಯ ಪರಮಾಣು ವಿಜ್ಞಾನಿ! ಅದೇ ನಟ, ಅದೇ ಮುಖ, ಅದೇ ಬಿಳಿ ಸೂಟು. ಬಾಯಿಂದ ಬರುವ ಮಾತು ಮಾತ್ರ ಬೇರೆ. ಇಡೀ ಚಿತ್ರವನ್ನು ಸರಿಯಾಗಿ ಮತ್ತೆ ಡಬ್ ಮಾಡಿ ಜರ್ಮನ್ ಟೀವಿಯಲ್ಲಿ ತೋರಿಸಿದ್ದು 1975ರಲ್ಲಿ. ಅಲ್ಲಿಯವರೆಗೆ, ಅಂದರೆ 23 ವರ್ಷ, ಅಲ್ಲಿನ ಜನರ ಪಾಲಿಗೆ ಆ ವಿಜ್ಞಾನಿಯ ಕಥೆಯೇ 'ಕಾಸಾಬ್ಲಾಂಕಾ'.

ಸಬ್‌ಟೈಟಲ್ ಹಾಕಿ ಇದನ್ನು ಮಾಡಿ ದಕ್ಕಿಸಿಕೊಳ್ಳುವುದು ಕಷ್ಟ. ಕೆಳಗಿನ ಸಾಲು ಏನೇ ಹೇಳಲಿ, ಮೇಲೆ ನಟನ ದನಿ ಕೇಳುತ್ತಲೇ ಇರುತ್ತದೆ. ಹಾಲ್‌ನಲ್ಲಿ ಇಂಗ್ಲಿಷ್ ಬಲ್ಲವರು ಹತ್ತು ಜನ ಇದ್ದರೂ ಸಾಕು, ಮೋಸ ಗೊತ್ತಾಗುತ್ತದೆ. ಡಬ್ಬಿಂಗ್‌ನಲ್ಲಿ ಆ ಸಾಕ್ಷಿಯೇ ಇರುವುದಿಲ್ಲ. ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ ಎಂದು ನನಗೆ ಅನಿಸುತ್ತದೆ. ತುಟಿ ಹೊಂದುತ್ತದೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು.

ಈ ದಾರಿಗಳು ಹುಟ್ಟಿದ್ದು ಟಾಕಿ ಬಂದ ಮೇಲೆ. ಮೂಕಿ ಕಾಲದಲ್ಲಿ ತೊಂದರೆಯೇ ಇರಲಿಲ್ಲ. ನಡುವೆ ಬರುವ ಬರಹದ ಕಾರ್ಡುಗಳನ್ನು ಆಯಾ ದೇಶದ ಭಾಷೆಯಲ್ಲಿ ಮಾಡಿ ಅಂಟಿಸಿದರೆ ಮುಗಿಯಿತು. ನಟರು ಮಾತಾಡಲು ಶುರು ಮಾಡಿದ ಮೇಲೆ ಹಾಲಿವುಡ್ ಕಂಗಾಲಾಯಿತು. ಪ್ಯಾರಮೌಂಟ್ ಕಂಪನಿ 1930ರಲ್ಲಿ ಪ್ಯಾರಿಸ್ ಹತ್ತಿರದ ಜ್ವಾನ್ವೀಲ್‌ನಲ್ಲಿ ಸ್ಟುಡಿಯೋ ನಡೆಸಿ, ಒಂದೇ ಕಥೆಯನ್ನು ಒಂದೇ ಸೆಟ್ಟಿನಲ್ಲಿ ಬೇರೆ ಬೇರೆ ಭಾಷೆಯ ನಟರಿಂದ ಮತ್ತೆ ಮತ್ತೆ ಚಿತ್ರೀಕರಿಸಿತು. ಖರ್ಚು ಜಾಸ್ತಿ, ತಮಗೆ ಬೇಕಾದ ಸ್ಟಾರ್ ಇಲ್ಲ ಎಂದು ಜನರೂ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಪ್ರಯೋಗ ನಿಂತುಹೋಯಿತು.

ಆಮೇಲೆ ಯುರೋಪ್ ಎರಡು ಪಾಲಾಯಿತು. ಡೆನ್ಮಾರ್ಕ್, ಸ್ವೀಡನ್, ನೆದರ್ಲೆಂಡ್ಸ್‌ನಂಥ ಸಣ್ಣ ದೇಶಗಳು ಸಬ್‌ಟೈಟಲ್ ಹಿಡಿದವು. ಡಬ್ಬಿಂಗ್ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಷ್ಟು ಚಿಕ್ಕ ಮಾರುಕಟ್ಟೆಯಲ್ಲಿ ಅದು ವಾಪಸ್ ಬರುವಂತಿರಲಿಲ್ಲ. ಜರ್ಮನಿ, ಫ್ರಾನ್ಸ್, ಇಟಲಿ, ಸ್ಪೇನ್‌ಗಳು ಡಬ್ಬಿಂಗ್ ಕಡೆ ಹೋದವು. ಇವುಗಳಲ್ಲಿ ಎರಡು ಕಡೆ ಸರ್ಕಾರದ ಒತ್ತಡವೂ ಇತ್ತು. ಮುಸೊಲಿನಿಯ ಇಟಲಿ 1930ರಲ್ಲೇ ತೆರೆಯ ಮೇಲೆ ಪರಭಾಷೆಯ ಮಾತು ಕೇಳಿಸಬಾರದು ಎಂದಿತು. ಫ್ರಾಂಕೋನ ಸ್ಪೇನ್ 1941ರಲ್ಲಿ ಡಬ್ಬಿಂಗ್ ಕಡ್ಡಾಯ ಮಾಡಿತು. ಸೆನ್ಸಾರ್‌ಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಸ್ಪೇನ್‌ನಲ್ಲಿ ಅದು ಎಲ್ಲಿಗೆ ಹೋಯಿತು ಎಂಬುದಕ್ಕೆ 'ಮೊಗಾಂಬೊ' ಸಾಕ್ಷಿ. ಆಫ್ರಿಕಾಕ್ಕೆ ಬಂದ ಒಬ್ಬ ವಿವಾಹಿತೆ ಅಲ್ಲಿನ ಬೇಟೆಗಾರನಿಗೆ ಮನಸೋಲುತ್ತಾಳೆ. ಗಂಡ ಜೊತೆಯಲ್ಲೇ ಇದ್ದಾನೆ. ಮದುವೆಯಾದವಳು ಹೀಗೆ ಮಾಡುವುದನ್ನು ತೋರಿಸಬಾರದು ಎಂದು ಸೆನ್ಸಾರ್‌ನವರು ಡಬ್ಬಿಂಗ್‌ನಲ್ಲಿ ಗಂಡ-ಹೆಂಡತಿಯನ್ನು ಅಣ್ಣ-ತಂಗಿ ಮಾಡಿಬಿಟ್ಟರು. ತೆರೆಯ ಮೇಲಾದರೋ ಅವರು ದಂಪತಿಗಳಂತೆಯೇ ನಡೆದುಕೊಳ್ಳುತ್ತಾರೆ. ಮುಚ್ಚಲು ಹೊರಟ ಪಾಪಕ್ಕಿಂತ ದೊಡ್ಡದನ್ನು ಪ್ರೇಕ್ಷಕರು ಊಹಿಸಿಕೊಂಡರು. ಮಾತು ಬದಲಿಸಬಹುದು, ಮೈಯ ಭಾಷೆ ಬದಲಿಸಲಾಗದು. ಡಬ್ ಆದ ಚಿತ್ರದಲ್ಲಿ ಏನೋ ತಿದ್ದಿದ್ದಾರೆ ಎಂಬ ಗುಮಾನಿ ಬಂದರೆ ಮೊದಲು ನೋಡಬೇಕಾದ್ದು ಇದನ್ನೇ: ಮುಖ ಹೇಳುವುದಕ್ಕೂ ಮಾತು ಹೇಳುವುದಕ್ಕೂ ತಾಳೆ ಆಗುತ್ತಿದೆಯೇ?

ಪ್ರಾಮಾಣಿಕವಾಗಿ ಡಬ್ ಮಾಡಿದರೂ ಮಾತು ಒಂದಿಷ್ಟು ಬದಲಾಗಲೇಬೇಕು. ಮುಖ್ಯ ಕಾರಣ ತುಟಿ. ಪ, ಬ, ಮ ಹೇಳಲು ತುಟಿ ಮುಚ್ಚಲೇಬೇಕು. ಕ್ಲೋಸಪ್‌ನಲ್ಲಿ ನಟನ ತುಟಿ ಮುಚ್ಚಿದ ಕಡೆ ಇಂಥದ್ದೊಂದು ಅಕ್ಷರ ಬೀಳದಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಹಾಗಾಗಿ ಡಬ್ಬಿಂಗ್ ಬರೆಯುವವರು ಅರ್ಥಕ್ಕೆ ತೀರಾ ಹತ್ತಿರದ ಮಾತನ್ನು ಬಿಟ್ಟು ಬಾಯಿಗೆ ಹೊಂದುವ ಮಾತನ್ನು ಹುಡುಕುತ್ತಾರೆ. ನಟ ಬೆನ್ನು ತಿರುಗಿಸಿದಾಗಲೋ ದೂರ ನಿಂತಾಗಲೋ ಅವರಿಗೆ ಬಿಡುವು ಸಿಗುತ್ತದೆ. ಇನ್ನು ದನಿ. ಬಯಲಲ್ಲಿ ಕೂಗಿದ ಮಾತನ್ನು ಸ್ಟುಡಿಯೋದಲ್ಲಿ ಮೈಕಿನ ಮುಂದೆ ಹೇಳಿದಾಗ ಜಾಗದ ಗುಂಗು ಹೋಗಿಬಿಡುತ್ತದೆ. ಮಿಕ್ಸಿಂಗ್‌ನಲ್ಲಿ ಅದನ್ನು ಮತ್ತೆ ತರಬೇಕು. ಅವಸರದಲ್ಲಿ ಮಾಡಿದರೆ ಹತ್ತು ಮಾರು ದೂರ ನಿಂತವನೂ ಕಿವಿಯ ಪಕ್ಕದಲ್ಲೇ ಮಾತಾಡಿದ ಹಾಗಿರುತ್ತದೆ.

ಸಬ್‌ಟೈಟಲ್ ದನಿಯನ್ನು ಮುಟ್ಟುವುದಿಲ್ಲ. ಆದರೆ ಕಣ್ಣನ್ನು ಕಿತ್ತುಕೊಳ್ಳುತ್ತದೆ. ಸಾಮಾನ್ಯವಾಗಿ ಒಮ್ಮೆಗೆ ಎರಡೇ ಸಾಲು, ಇಂಗ್ಲಿಷ್‌ನಂಥ ಭಾಷೆಗಳಲ್ಲಿ ಸೆಕೆಂಡಿಗೆ 12ರಿಂದ 17 ಅಕ್ಷರ ಎಂಬ ಲೆಕ್ಕ. ನಟ ಎರಡು ಸೆಕೆಂಡಿನಲ್ಲಿ ಪಟಪಟ ಅಂದ ಮಾತಿಗೆ ಹೆಚ್ಚೆಂದರೆ 34 ಅಕ್ಷರ. ಉಳಿದದ್ದು ಹೋಗಬೇಕು. ಹೋಗುವುದು ತಡವರಿಕೆ, ಬೈಗುಳ, ಒಂದೇ ಮಾತನ್ನು ಎರಡು ಸಲ ಹೇಳುವುದು, ಅಂದರೆ ಪಾತ್ರದ ಸ್ವಭಾವ ಹೇಳುವ ಚಿಲ್ಲರೆ ಮಾತುಗಳೇ. ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಝೆರಿ ಡಿಡೆವಾಲ ಕಣ್ಣಿನ ಚಲನೆ ಅಳೆದು ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಮಾತು ಅರ್ಥವಾಗುತ್ತಿದ್ದರೂ ಸಬ್‌ಟೈಟಲ್ ಕಂಡರೆ ಜನ ಓದಿಯೇ ಓದುತ್ತಾರೆ. ಸುಮ್ನೆ ಬಿಡಲು ಆಗುವುದಿಲ್ಲ. ಅದಕ್ಕೇ ಹಾಸ್ಯ ದೃಶ್ಯದಲ್ಲಿ ನಟ ಮಾತು ಮುಗಿಸುವ ಮೊದಲೇ ಹಾಲ್‌ನಲ್ಲಿ ನಗು ಏಳುತ್ತದೆ.

ನಮ್ಮ ಕಥೆ ಬೇರೆ ದಾರಿ ಹಿಡಿಯಿತು. ಎ.ವಿ. ಮೇಯಪ್ಪನ್ ತಯಾರಿಸಿದ ಕನ್ನಡ 'ಸತ್ಯ ಹರಿಶ್ಚಂದ್ರ' 1943ರದು. ಮರುವರ್ಷ ಅದು ತಮಿಳಿಗೆ ಡಬ್ ಆಯಿತು. ಭಾರತದ ಮೊದಲ ಡಬ್ಬಿಂಗ್ ಚಿತ್ರ ಎಂದು ಅದನ್ನೇ ಹೆಸರಿಸುತ್ತಾರೆ. ಆದರೆ 1960ರ ದಶಕದ ಆರಂಭದಲ್ಲಿ ಪರಭಾಷಾ ಚಿತ್ರಗಳ ಹಾವಳಿಯಲ್ಲಿ ಕನ್ನಡ ಚಿತ್ರರಂಗ ಉಳಿಯಬೇಕೆಂದು ಅನಕೃ, ಮ. ರಾಮಮೂರ್ತಿ ಮೊದಲಾದವರು ಚಳವಳಿ ಕಟ್ಟಿದರು. ಆಮೇಲೆ ಕನ್ನಡಕ್ಕೆ ಡಬ್ ಮಾಡುವುದು ನಿಂತಿತು. ಕಾನೂನೇನೂ ಇರಲಿಲ್ಲ, ಉದ್ಯಮದ ಒಳಗಿನ ಕಟ್ಟುಪಾಡು ಅಷ್ಟೇ. ಭಾರತೀಯ ಸ್ಪರ್ಧಾ ಆಯೋಗ ಅದು ಸರಿಯಲ್ಲ ಎಂದು ಆದೇಶ ಕೊಟ್ಟಿದ್ದು 2015ರಲ್ಲಿ. ಅಂದಿನ ಕಾಳಜಿ ನಿಜವಾದದ್ದೇ. ಆದರೆ ಡಬ್ಬಿಂಗ್ ಇಲ್ಲದ ಜಾಗಕ್ಕೆ ಕನ್ನಡ ಸಬ್‌ಟೈಟಲ್ ಬರಲಿಲ್ಲ. ಜಪಾನಿ ಚಿತ್ರ ನೋಡಬೇಕೆಂದರೆ ಇಂಗ್ಲಿಷ್ ಸಾಲು ಓದಬೇಕು. ಹಳ್ಳಿಯ ಅಜ್ಜಿಗೂ ಐದು ವರ್ಷದ ಮಗುವಿಗೂ ಆ ಚಿತ್ರ ಇಲ್ಲವೇ ಇಲ್ಲ. ಓದಲು ಬಾರದವರನ್ನು ಹೊರಗೆ ನಿಲ್ಲಿಸುವುದು ಸಬ್‌ಟೈಟಲ್‌ನ ದೊಡ್ಡ ಮಿತಿ. ಅವರನ್ನು ಒಳಗೆ ಕರೆದುಕೊಳ್ಳುವ ಕೆಲಸವನ್ನು ಡಬ್ಬಿಂಗ್ ಮಾತ್ರ ಮಾಡಬಲ್ಲದು.

ಈಗ ಓಟಿಟಿಯಲ್ಲಿ ಎರಡೂ ಒಂದೇ ಮೆನುವಿನಲ್ಲಿವೆ. 2021ರಲ್ಲಿ ಕೊರಿಯಾದ 'ಸ್ಕ್ವಿಡ್ ಗೇಮ್' ಬಂದಾಗ ಇಂಗ್ಲಿಷ್‌ನಲ್ಲಿ ಎರಡು ಬಗೆಯ ಬರಹ ಇತ್ತು. English [CC] ಎಂಬುದು ಡಬ್ಬಿಂಗ್ ಮಾತಿನ ನಕಲು, ಬರೀ English ಎಂಬುದು ಕೊರಿಯನ್ ಮಾತಿನ ಅನುವಾದ. ಕೊರಿಯನ್ ಬಲ್ಲವರು ಮೊದಲಿನದರಲ್ಲಿ ಪಾತ್ರಗಳ ಮಾತು ಎಲ್ಲೆಲ್ಲಿ ಜಾರಿದೆ ಎಂದು ತೋರಿಸಿಕೊಟ್ಟರು. ನೀವೂ ಹೀಗೆ ಪರೀಕ್ಷಿಸಬಹುದು. ಆಡಿಯೋ ಕನ್ನಡದಲ್ಲಿಟ್ಟು, ಮೂಲದಿಂದ ಮಾಡಿದ ಸಬ್‌ಟೈಟಲ್ ಹಾಕಿ ಹತ್ತು ನಿಮಿಷ ನೋಡಿ. ಕ್ಲೋಸಪ್ ಬಂದಾಗ ಎರಡೂ ಬೇರೆಯಾದರೆ ಬಹುಶಃ ತುಟಿಗಾಗಿ ಬದಲಿಸಿದ್ದಾರೆ. ಬೆನ್ನು ತಿರುಗಿಸಿದವನ ಮಾತೂ ಬೇರೆಯಾಗಿದ್ದರೆ ಕಾರಣ ಬೇರೆ ಇರುತ್ತದೆ. ತೊಂದರೆ ಅಂದರೆ, ಕನ್ನಡ ಆಡಿಯೋ ಇರುವ ಎಷ್ಟೋ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಇನ್ನೂ ಇಲ್ಲ. ಈ ಹೋಲಿಕೆಯನ್ನು ಇಂಗ್ಲಿಷ್ ಬಲ್ಲವರು ಮಾತ್ರ ಮಾಡಬಹುದು.